"18 ಓಕೆ ಅಲ್ವಾ ಮೇಡಂ?"

ಮಂಗಳವಾರ ಸಂಜೆ ಆರೂಮುಕ್ಕಾಲು. ಡೇಕೇರ್ ಗೇಟಿನ ಹತ್ತಿರ ನಿಂತಿದ್ದೆ. ಒಂದು ಕೈಯಲ್ಲಿ ಮಗಳ ಬ್ಯಾಗು, ಇನ್ನೊಂದು ಕೈಯಲ್ಲಿ ಅವಳ ಕೈ. ಫೋನ್ ಬಂತು. ಹೊಸ ಕಂಪನಿಯ ಎಚ್‌ಆರ್. ಎಲ್ಲ ರೌಂಡೂ ಮುಗಿದಿತ್ತು, ದುಡ್ಡಿನ ಮಾತೊಂದೇ ಬಾಕಿ ಇತ್ತು.

"ಮೇಡಂ, ನಿಮ್ಮದು ಈಗ 14. ನಾವು 18 ಕೊಡ್ತಿದ್ದೀವಿ. ಒಳ್ಳೆ ಹೈಕ್. 18 ಓಕೆ ಅಲ್ವಾ ಮೇಡಂ? ಇವತ್ತೇ ಅಪ್ರೂವಲ್‌ಗೆ ಹಾಕಿಬಿಡ್ತೀನಿ."

"ಹ್ಞೂಂ, ಓಕೆ."

ಅಷ್ಟೇ. ಒಂದು ನಿಮಿಷವೂ ಆಗಿರಲಿಲ್ಲ. ಫೋನ್ ಇಟ್ಟ ಮೇಲೆ ಖುಷಿಯೇ ಆಗಿತ್ತು. ರಾತ್ರಿ ಹತ್ತಕ್ಕೆ ಬ್ರೇಕಪ್ ಶೀಟ್ ಬಂತು, 18ರಲ್ಲಿ ಯಾವುದಕ್ಕೆ ಎಷ್ಟು ಅನ್ನುವ ಪಟ್ಟಿ. ಅದರ ಮೇಲೆ "ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಂತೆ" ಅಂತ ಒಂದು ಸಾಲು. ಆಮೇಲಿಂದ ಆ "ಹ್ಞೂಂ, ಓಕೆ" ಕಿವಿಯಲ್ಲಿ ಕೂತುಬಿಟ್ಟಿದೆ.

ಶೀಟಿನಲ್ಲಿ ಏನಿತ್ತು ಹೇಳುತ್ತೇನೆ. 18 ಲಕ್ಷದಲ್ಲಿ 1,80,000 ವೇರಿಯಬಲ್, ಅಂದರೆ ಪೂರ್ತಿ ಬಂದೇ ಬರುತ್ತದೆ ಅಂತ ಖಚಿತ ಇಲ್ಲದ ಭಾಗ. ಕಂಪನಿ ಕಟ್ಟುವ ಪಿಎಫ್ 72,000. ಅದು ಬೇಸಿಕ್ 6 ಲಕ್ಷದ ಶೇಕಡಾ 12. ಗ್ರಾಚ್ಯುಟಿ 28,860. ಅದೂ ಬೇಸಿಕ್ ಮೇಲೇ, ಶೇಕಡಾ 4.81. ಐದು ವರ್ಷ ಇದ್ದರೆ ಕೈಗೆ ಸಿಗುವ ದುಡ್ಡು, ಆದರೆ ಮೊದಲ ದಿನದಿಂದಲೇ ನನ್ನ ಸಂಬಳ ಅಂತ ಲೆಕ್ಕ. ಇನ್ಶೂರೆನ್ಸ್ 19,140. ಕೊನೆಯಲ್ಲಿ 1 ಲಕ್ಷ ಜಾಯಿನಿಂಗ್ ಬೋನಸ್. ಅದು ಒಂದೇ ಸಲ ಬರುವುದು, ಮುಂದಿನ ವರ್ಷ ಇಲ್ಲ. ಅದನ್ನೂ ಈ 18ರ ಒಳಗೇ ಸೇರಿಸಿದ್ದರು. ಇದನ್ನೆಲ್ಲ ತೆಗೆದರೆ ಉಳಿಯುವುದು ಸರಿಯಾಗಿ 14 ಲಕ್ಷ. ತಿಂಗಳಿಗೆ 1,16,667. ನನ್ನ ಪಾಲಿನ ಪಿಎಫ್, ಟ್ಯಾಕ್ಸ್ ಎಲ್ಲ ಕಟ್ ಆಗುವುದು ಅದರಲ್ಲೇ.

ಈಗಿನ ಕಂಪನಿಯಲ್ಲಿ ನನ್ನ 14 ಲಕ್ಷದಲ್ಲಿ ವೇರಿಯಬಲ್ ಅಂತ ಏನೂ ಇಲ್ಲ. ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಸೇರಿ 1.4 ಲಕ್ಷ ಹೋಗಿ 12,60,000 ಉಳಿಯುತ್ತದೆ. ತಿಂಗಳಿಗೆ 1,05,000. ಅಂದರೆ ಫೋನಿನಲ್ಲಿ ಕೇಳಿದ ಹೈಕ್ ಶೇಕಡಾ 28ಕ್ಕಿಂತ ಜಾಸ್ತಿ. ತಿಂಗಳ ಕೊನೆಗೆ ಕಾಣುವುದು 11.

ಎಚ್‌ಆರ್‌ನ ಆ ಹುಡುಗಿ ಸುಳ್ಳು ಹೇಳಿರಲಿಲ್ಲ. 14 ಅಂದದ್ದೂ ನಿಜ, 18 ಅಂದದ್ದೂ ನಿಜ. ಎರಡೂ ಬೇರೆ ಬೇರೆ ತರಹದ ಅಂಕಿ, ಅಷ್ಟೇ. ನಮ್ಮಪ್ಪ ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ ಮಾಡುತ್ತಾರೆ. ವ್ಯಾಪಾರಿ ರೊಬಸ್ಟಾ ಚೆರ್ರಿ ಮೂಟೆಗೆ ರೇಟ್ ಹೇಳಿದ ತಕ್ಷಣ ಅವರು ಕೇಳುವುದು "ಔಟ್‌ಟರ್ನ್ ಎಷ್ಟಕ್ಕೆ?" ಅಂತ. ಐವತ್ತು ಕೆಜಿ ಮೂಟೆಯಲ್ಲಿ ಸಿಪ್ಪೆ ಎಷ್ಟು, ಬೀಜ ಎಷ್ಟು ಅಂತ ಗೊತ್ತಾಗದೆ ರೇಟಿಗೆ ಅರ್ಥ ಇಲ್ಲ. ಅದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಆದರೂ ಗೇಟಿನ ಹತ್ತಿರ ಅದು ನೆನಪಾಗಲಿಲ್ಲ. ಫೋನಿನಲ್ಲಿ ಲೆಕ್ಕ ಮಾಡಲು ಆಗುವುದಿಲ್ಲ. ಕೈಯಲ್ಲಿ ಕಾಗದ ಇಲ್ಲ, ಮುಂದೆ ಶೀಟ್ ಇಲ್ಲ, ಆ ಕಡೆ ಕಾಯುತ್ತಿರುವ ದನಿ, ಸುಮ್ನೆ ಇದ್ದರೆ ಅವರಿಗೆ ಬೇಜಾರಾಗುತ್ತೇನೋ ಅನ್ನುವ ಸಂಕೋಚ. ಬಾಯಿ ತಾನಾಗಿ ಓಕೆ ಅಂದುಬಿಡುತ್ತದೆ.

ರಾತ್ರಿಯೇ ಮೇಲ್ ಹಾಕುತ್ತೇನೆ ಅಂದೆ. ನನ್ನ ಗಂಡ ಬೇಡ ಅಂದ. "ಒಪ್ಪಿಕೊಂಡ ಮೇಲೆ ಹೀಗೆ ಬರೆದು ಕೇಳಿದರೆ ಆಫರ್ ವಾಪಸ್ ತಗೊಂಡ್ರೆ?" ಅವನದು ಕೆಟ್ಟ ಬುದ್ಧಿ ಅಲ್ಲ, ಭಯ. ಮನೆಯ ಸಾಲ ಇದೆ. ಆಫೀಸಿನ ಸೀನಿಯರ್ ಒಬ್ಬರು ಇನ್ನೊಂದು ಹೇಳುತ್ತಿದ್ದರು: ಸಂಬಳದ ಮಾತು ಬರೆಯಲೇಬಾರದು, ಎಲ್ಲ ಬಾಯಲ್ಲೇ ಮುಗಿಸಬೇಕು. ಅವರಿಗೆ ಬಾಯಿ ಇದೆ. ಹದಿನೈದು ವರ್ಷ ಕ್ಲೈಂಟ್ ಜೊತೆ ಮಾತಾಡಿ ಪಳಗಿದವರು. ತಮಗೆ ಆಗಿದ್ದು ಎಲ್ಲರಿಗೂ ಆಗುತ್ತದೆ ಅಂದುಕೊಳ್ಳುವುದು ಅವರ ತಪ್ಪು. ನನ್ನಂಥವಳಿಗೆ ಆ ಸಲಹೆಯಿಂದ ನಷ್ಟವೇ.

ಆದರೂ ರಾತ್ರಿ ಬರೆಯಲಿಲ್ಲ. ಬುಧವಾರ ಬೆಳಿಗ್ಗೆ ಮೊದಲು ನಾನೇ ಫೋನ್ ಮಾಡಿದೆ. ಈ ವಿಷಯದಲ್ಲಿ ಈಗ ನನಗೆ ಖಚಿತ ಅಭಿಪ್ರಾಯ ಇದೆ. ಏನಾದರೂ ತಿಳಿದುಕೊಳ್ಳಬೇಕಾದಾಗ ಫೋನ್. ಅಂಕಿ ಇಡಬೇಕಾದಾಗ ಮೇಲ್. ಸೀದಾ ಮೇಲಿನಲ್ಲಿ "ಜಾಸ್ತಿ ಮಾಡಲು ಸಾಧ್ಯವೇ?" ಅಂತ ಕೇಳಿದರೆ ಒಂದೇ ಸಾಲಿನ "ಇದೇ ನಮ್ಮ ಕೊನೆಯ ಆಫರ್" ಬರುತ್ತದೆ. ಬರೆದು ಇಲ್ಲ ಅಂದವರಿಗೆ ಆಮೇಲೆ ಹಿಂದೆ ಸರಿಯುವುದು ಕಷ್ಟ. ಫೋನಿನಲ್ಲಿ ಹಾಗಲ್ಲ. ಎಲ್ಲಿ ಸಡಿಲ ಇದೆ, ಎಲ್ಲಿ ಗಟ್ಟಿ ಇದೆ ಅಂತ ದನಿಯಲ್ಲೇ ಗೊತ್ತಾಗುತ್ತದೆ.

ನಾನು ಕೇಳಿದ್ದು ಮೂರೇ ಪ್ರಶ್ನೆ. ಈ ಗ್ರೇಡಿನ ಸಂಬಳದ ಬ್ಯಾಂಡ್‌ನಲ್ಲಿ ಫಿಕ್ಸೆಡ್ ಮೇಲೆ ಹೋಗಲು ಜಾಗ ಇದೆಯಾ? ವೇರಿಯಬಲ್ ಶೇಕಡಾ 10 ಎಲ್ಲರಿಗೂ ಒಂದೇನಾ? ಇದನ್ನು ಅಪ್ರೂವ್ ಮಾಡುವವರು ಯಾರು? ಅವಳು ಸಮಾಧಾನವಾಗಿ ಹೇಳಿದಳು. ಫಿಕ್ಸೆಡ್‌ನಲ್ಲಿ ಸ್ವಲ್ಪ ಜಾಗ ಇದೆ. ವೇರಿಯಬಲ್ ಗ್ರೇಡಿಗೆ ಅಂಟಿಕೊಂಡಿದೆ, ಅಲುಗಾಡುವುದಿಲ್ಲ. ಅಪ್ರೂವ್ ಮಾಡುವುದು ತಾನಲ್ಲ, ಹೈರಿಂಗ್ ಮ್ಯಾನೇಜರ್ ಮತ್ತೆ ಫೈನಾನ್ಸ್‌ನವರು. "ಎಷ್ಟು ನೋಡ್ತಿದ್ದೀರಿ ಮೇಡಂ, ಹೇಳಿ" ಅಂದಳು. ನಾಲಿಗೆಯ ತುದಿಯಲ್ಲಿ "ಸುಮಾರು 15ರಿಂದ 16" ಇತ್ತು. ನುಂಗಿಕೊಂಡೆ. "ಹತ್ತು ನಿಮಿಷದಲ್ಲಿ ಮೇಲ್ ಮಾಡ್ತೀನಿ, ನಿಮಗೂ ಕಳಿಸೋಕೆ ಸುಲಭ ಆಗುತ್ತೆ" ಅಂದೆ.

ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಬ್ರೇಕಪ್ ಕಳಿಸಿದ್ದಕ್ಕೆ ಥ್ಯಾಂಕ್ಸ್. ನಿನ್ನೆ ಫೋನಿನಲ್ಲಿ 18 ಲಕ್ಷಕ್ಕೆ ಓಕೆ ಅಂದಾಗ ಬ್ರೇಕಪ್ ನನ್ನ ಮುಂದೆ ಇರಲಿಲ್ಲ. ಈಗ ನೋಡಿದೆ. ಈಗಿನ ಕಂಪನಿಯಲ್ಲಿ ನನ್ನ ಫಿಕ್ಸೆಡ್ ಗ್ರಾಸ್ ವರ್ಷಕ್ಕೆ 12,60,000, ತಿಂಗಳಿಗೆ 1,05,000. ನಿಮ್ಮ ಆಫರ್‌ನಲ್ಲಿ ಅದು 14,00,000. ನನ್ನ ಕೋರಿಕೆ ಫಿಕ್ಸೆಡ್ ಗ್ರಾಸ್ ವರ್ಷಕ್ಕೆ 16,20,000, ತಿಂಗಳಿಗೆ 1,35,000. ಇದರಲ್ಲಿ ಕಂಪನಿಯ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್, ವೇರಿಯಬಲ್, ಜಾಯಿನಿಂಗ್ ಬೋನಸ್ ಸೇರಿಲ್ಲ. ವೇರಿಯಬಲ್ ನೀವು ಕಳಿಸಿದಂತೆಯೇ ಇರಲಿ. ಇದು ಆದರೆ ಶುಕ್ರವಾರದೊಳಗೆ ಸಹಿ ಮಾಡುತ್ತೇನೆ."

16,20,000 ಹೇಗೆ ಬಂತು? 14ರಿಂದ 18 ಅಂತ ಅವರೇ ಹೇಳಿದ್ದರಲ್ಲ, ಅದೇ ಲೆಕ್ಕವನ್ನು ನನ್ನ 12,60,000ಕ್ಕೆ ಹಾಕಿದೆ. ಆದರೆ ಶೇಕಡಾವಾರು ಬರೆಯಲಿಲ್ಲ. "28 ಪರ್ಸೆಂಟ್ ಹೈಕ್ ಬೇಕು" ಅಂದರೆ ಯಾವುದರ ಮೇಲೆ ಅನ್ನುವ ಪ್ರಶ್ನೆ ಮತ್ತೆ ಬಾಗಿಲು ತೆರೆಯುತ್ತದೆ. ಅವರು ಸಿಟಿಸಿ ಮೇಲೆ, ಅಂದರೆ ಎಲ್ಲ ಸೇರಿಸಿದ ಆ ದೊಡ್ಡ ಮೊತ್ತದ ಮೇಲೆ, ಲೆಕ್ಕ ಹಾಕಿ ಕೊಟ್ಟಾಯಿತಲ್ಲ ಅಂತಾರೆ. ರೇಂಜ್ ಕೊಡದೇ ಇದ್ದದ್ದಕ್ಕೂ ಕಾರಣ ಇದೆ. 15ರಿಂದ 16 ಅಂದರೆ ಓದುವವರಿಗೆ ಕಾಣುವುದು 15 ಮಾತ್ರ. "ಸುಮಾರು" ಅನ್ನುವ ಮಾತೂ ಹಾಗೇ, ಕಡಿಮೆಯಾದರೂ ನಡೆಯುತ್ತೆ ಅಂತ ನಾವೇ ಹೇಳಿಕೊಟ್ಟ ಹಾಗೆ. ವರ್ಷದ ಅಂಕಿಯ ಪಕ್ಕ ತಿಂಗಳ ಅಂಕಿ ಬರೆದದ್ದು, ಏನೇನು ಸೇರಿಲ್ಲ ಅಂತ ಹೆಸರು ಹಿಡಿದು ಬರೆದದ್ದು, ಎರಡೂ ಯಾರೂ ಬೇರೆ ಅರ್ಥ ಮಾಡಿಕೊಳ್ಳಬಾರದು ಅಂತ.

ಮನೆ ಸಾಲ, ಡೇಕೇರ್ ಫೀಸು ಇದ್ಯಾವುದನ್ನೂ ಬರೆಯಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಇತ್ತು. ಆಮೇಲೆ ಅಳಿಸಿದೆ. ಆ ಮೇಲ್ ಓದುವ ಫೈನಾನ್ಸ್‌ನವರಿಗೆ ಅದು ಕಾರಣ ಆಗುವುದಿಲ್ಲ.

ಉತ್ತರ ಮೇಲಿನಲ್ಲಿ ಬರಲಿಲ್ಲ. ಗುರುವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. 16.2 ಬ್ಯಾಂಡ್ ದಾಟುತ್ತದಂತೆ. ಫಿಕ್ಸೆಡ್ 15,60,000 ಆಗುತ್ತದೆ, ಅಂದರೆ ತಿಂಗಳಿಗೆ 1,30,000. ಜಾಯಿನಿಂಗ್ ಬೋನಸ್ 1 ಲಕ್ಷ ಸಿಟಿಸಿಯಿಂದ ಹೊರಗೆ, ಬೇರೆಯಾಗಿ. ನನಗೆ ಅದು ಸಾಕು ಅನ್ನಿಸಿತು. ಆದರೂ ಓಕೆ ಅನ್ನಲಿಲ್ಲ. "ನೀವು ಹೇಳಿದ್ದನ್ನೇ ಬರೆದು ಕಳಿಸ್ತೀನಿ, ಸರಿ ಇದೆ ಅಂತ ಒಂದು ರಿಪ್ಲೈ ಹಾಕಿ" ಅಂದೆ.

ಆಗ ಅವಳು ಹೇಳಿದ ಮಾತು ವಾರವಿಡೀ ಯೋಚಿಸುವಂತೆ ಮಾಡಿದೆ. "ಮೇಡಂ, ನೀವು ಮೇಲ್ ಹಾಕಿದ್ದು ಒಳ್ಳೇದಾಯ್ತು. ನಾನೇನೂ ಬರೀಲಿಲ್ಲ. ಅದನ್ನೇ ಫಾರ್ವರ್ಡ್ ಮಾಡಿದೆ."

ನನಗೆ ಗೊತ್ತೇ ಇರಲಿಲ್ಲ. ನಾನು ಅವಳ ಜೊತೆ ಚೌಕಾಸಿ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳೋ ನಡುವೆ ನಿಂತವಳು. ಬಾಯಲ್ಲಿ ಹೇಳಿದ್ದರೆ ಅವಳು ಒಳಗೆ ಹೋಗಿ ಏನನ್ನುತ್ತಿದ್ದಳು? "ಕ್ಯಾಂಡಿಡೇಟ್ ಇನ್ನೂ ಜಾಸ್ತಿ ಕೇಳ್ತಿದ್ದಾರೆ" ಅಷ್ಟೇ. ಆ ಸಾಲಿಗೆ ಯಾವ ಮ್ಯಾನೇಜರ್ ತಾನೇ ಹೂಂ ಅಂತಾರೆ? ಆ ದಿನ ಅವಳ ಟೇಬಲ್ ಮೇಲೆ ಇನ್ನೂ ಎಷ್ಟು ಜನರ ಆಫರ್ ಇತ್ತೋ. ನನ್ನ 12,60,000, ನನ್ನ 1,05,000 ಅವಳಿಗೆ ನೆನಪಿರಬೇಕಾಗಿಯೂ ಇಲ್ಲ. ಬರೆದದ್ದಕ್ಕೆ ನನ್ನ ಲೆಕ್ಕ, ನನ್ನದೇ ಮಾತಿನಲ್ಲಿ, ನಾನು ನೋಡದ ಜನರ ಮುಂದೆ ಹೋಗಿ ಕೂತಿತು.

ನಮ್ಮ ಕಡೆಯ ಹೆಣ್ಣುಮಕ್ಕಳ ಬಗ್ಗೆ ಇದನ್ನು ಹೇಳಲೇಬೇಕು. ನನ್ನ ಜೊತೆ ಓದಿದ ಇಬ್ಬರಿಗೆ ಈ ಕಥೆ ಹೇಳಿದೆ. ಇಬ್ಬರೂ ಕೊನೆಯ ಎರಡು ಕೆಲಸವನ್ನು ಫೋನಿನಲ್ಲೇ ಓಕೆ ಅಂದು ಸೇರಿದವರು. ಕೆಲಸದಲ್ಲಿ ನನಗಿಂತ ಗಟ್ಟಿಗರು. ಎದುರಿಗಿರುವವರನ್ನು ಕಾಯಿಸಬಾರದು, ದುಡ್ಡಿನ ಮಾತನ್ನು ಎಳೆಯಬಾರದು ಅಂತ ಬೆಳೆದವರು ನಾವು. ದನಿಯಲ್ಲಿ ಆ ಸಂಕೋಚ ಕೇಳಿಸುತ್ತದೆ. ಬರೆದ ಅಂಕಿಯಲ್ಲಿ ಅದು ಕೇಳಿಸುವುದಿಲ್ಲ. ಒಬ್ಬಳಂತೂ ಮೌಖಿಕ ಭರವಸೆ ನಂಬಿ ಹಳೆ ಕಂಪನಿಯಲ್ಲಿ ಪೇಪರ್ ಹಾಕಿದ್ದಳು. ಲೆಟರ್ ಬಂದಾಗ ಫೋನಿನಲ್ಲಿ ಹೇಳಿದ್ದಕ್ಕಿಂತ 90,000 ಕಡಿಮೆ. ಕೇಳಿದರೆ "ಹಾಗೆ ಹೇಳಿರಲಿಲ್ಲವಲ್ಲ" ಅಂದರಂತೆ. ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ.

ನಿನ್ನೆ ಲೆಟರ್ ಬಂತು. ಅಪ್ಪನಿಗೆ ಫೋನ್ ಮಾಡಿದೆ. ಸಿಟಿಸಿ ಹೇಳಲು ಹೋದರೆ ಅರ್ಧಕ್ಕೇ ತಡೆದರು. "ಅದೆಲ್ಲ ಇರ್ಲಿ ಮಗಾ, ಕೈಗೆ ಎಷ್ಟು?" 1,30,000ದಲ್ಲಿ ಪಿಎಫ್ ಹೋಗಿ, 200 ರೂಪಾಯಿ ಪ್ರೊಫೆಷನಲ್ ಟ್ಯಾಕ್ಸ್ ಹೋಗಿ, ಇನ್‌ಕಮ್ ಟ್ಯಾಕ್ಸ್ ಹೋಗಿ ಅಂತ ಇಬ್ಬರೂ ಕೂತು ಲೆಕ್ಕ ಮಾಡಿದೆವು. ಅವರು ಅಲ್ಲಿ ಕ್ಯಾಲೆಂಡರ್ ಹಿಂದೆ ಬರೆದುಕೊಳ್ಳುತ್ತಿದ್ದದ್ದು ನನಗೆ ಇಲ್ಲಿ ಕೇಳುತ್ತಿತ್ತು.

ಅಂಕಿ ಎಲ್ಲ ಸರಿ ಇದೆ. ಎರಡನೇ ಪುಟದಲ್ಲಿ ಜಾಯಿನಿಂಗ್ ಬೋನಸ್ ಕೆಳಗೆ ಒಂದು ಸಾಲು ಇದೆ, 12 ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ. ಟ್ಯಾಕ್ಸ್ ಕಳೆದು ನನ್ನ ಕೈಗೆ ಬಂದಷ್ಟಾ, ಪೂರ್ತಿ 1 ಲಕ್ಷವಾ ಅಂತ ಬರೆದಿಲ್ಲ. ಪೇಪರ್ ಹಾಕುವುದನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದೇನೆ. ಮೊದಲು ಅವಳಿಗೆ ಫೋನ್ ಮಾಡಿ ಇದನ್ನು ಕೇಳಬೇಕು, ಅವಳು ಹೇಳಿದ್ದನ್ನು ಮೇಲಿನಲ್ಲಿ ಬರೆದು ಹಾಕಬೇಕು.