ಮಾತಿನ ನಡುವೆ ಕೈ ಎತ್ತಿದಾಗ: ಮೂರು ನಿಲುಗಡೆ, ಒಂದು ಪಟ್ಟಿ

"ಪ್ರೆಸೆಂಟೇಶನ್ ಮಧ್ಯೆ ಯಾರಾದರೂ ಕೈ ಎತ್ತಿ ಏನೋ ಬೇರೆಯದನ್ನೇ ಕೇಳ್ತಾರೆ. ಉತ್ತರ ಕೊಟ್ಟರೆ ಟೈಮ್ ಹೋಗುತ್ತೆ, ಕೊಡದಿದ್ದರೆ ಅವರಿಗೆ ಬೇಜಾರು. ನೀವು ಏನು ಮಾಡ್ತೀರಿ?"

ನಾನು ಎರಡು ಕೆಲಸ ಮಾಡುತ್ತೇನೆ, ಎರಡೂ ಮಾತು ಶುರುವಾಗುವ ಮೊದಲೇ. ಪ್ರಶ್ನೆಗಳಿಗೆ ಅಂತಲೇ ಮಾತಿನ ಒಳಗೆ ಮೂರು ಕಡೆ ನಿಲುಗಡೆ ಇಟ್ಟುಕೊಳ್ಳುತ್ತೇನೆ. ಎಲ್ಲರಿಗೂ ಕಾಣುವ ಹಾಗೆ ಒಂದು ಖಾಲಿ ಹಾಳೆ ಅಂಟಿಸಿ ಅದರ ಮೇಲೆ "ಪಾರ್ಕಿಂಗ್ ಪಟ್ಟಿ" ಅಂತ ಬರೆದಿಡುತ್ತೇನೆ. ಈಗ ಕೇಳಿದರೆ ದಾರಿ ತಪ್ಪಿಸುವ, ಆದರೆ ಬಿಟ್ಟುಬಿಡಬಾರದ ಪ್ರಶ್ನೆಗಳನ್ನು ನಿಲ್ಲಿಸಿಡುವ ಜಾಗ ಅದು.

ಇದನ್ನು ಕಲಿತದ್ದು ಒಂದು ಸಲ ಕೆಟ್ಟ ಮೇಲೆ. ಆಫೀಸಿನಲ್ಲಿ ರಜೆ ಅರ್ಜಿಯನ್ನು ಕಾಗದದಿಂದ ಕಂಪ್ಯೂಟರಿಗೆ ಬದಲಾಯಿಸುವಾಗ ಸುಮಾರು 30 ಜನರಿಗೆ ಅದನ್ನು ವಿವರಿಸುವ ಕೆಲಸ ನನಗೆ ಬಂತು. ಇದ್ದದ್ದು 45 ನಿಮಿಷ. ಎಂಟನೇ ನಿಮಿಷದಲ್ಲಿ ಒಬ್ಬರು "ಕಳೆದ ವರ್ಷ ಉಳಿದ ರಜೆ ಇದರಲ್ಲಿ ಕಾಣುತ್ತಾ ಮೇಡಂ?" ಅಂದರು. ಒಳ್ಳೆಯ ಪ್ರಶ್ನೆ, ಉತ್ತರ ಕೊಟ್ಟೆ. ಪಕ್ಕದವರು ತಮ್ಮ ಲೆಕ್ಕ ಹೇಳಿದರು, ಹಿಂದಿನ ಸಾಲಿನವರು ಇನ್ನೊಂದು ಹೇಳಿದರು, ನಾನು ಎಲ್ಲರಿಗೂ ಉತ್ತರ ಕೊಡುತ್ತಾ ಹೋದೆ, ಗಡಿಯಾರ ನೋಡಿದಾಗ 11 ನಿಮಿಷ ಹೋಗಿತ್ತು. ಕೊನೆಯ ಭಾಗವನ್ನು ಓಡಿಸಿದೆ. ಆ ಕೊನೆಯ ಭಾಗ ಯಾವುದು ಗೊತ್ತಾ? ಅರ್ಜಿ ವಾಪಸ್ ಬಂದರೆ ಏನು ಮಾಡಬೇಕು ಅನ್ನುವುದು. ಮುಂದಿನ ಎರಡು ವಾರ ನನಗೆ ಬಂದ ಫೋನುಗಳೆಲ್ಲ ಹೆಚ್ಚುಕಡಿಮೆ ಅದರ ಬಗ್ಗೆಯೇ. ಕೇಳಿದವರ ತಪ್ಪು ಏನೂ ಇರಲಿಲ್ಲ. ಅವರ ಪ್ರಶ್ನೆಗೆ ನಾನು ಜಾಗವನ್ನೇ ಇಟ್ಟಿರಲಿಲ್ಲ, ಹಾಗಾಗಿ ಅದು ಬೇರೆಯದರ ಜಾಗ ತಿಂದಿತು.

ಅದೇ ಮಾತನ್ನು ಇನ್ನೊಂದು ತಂಡಕ್ಕೆ ಹೇಳಬೇಕಾದಾಗ ಸಮಯವನ್ನು ಬೇರೆ ಥರ ಹಂಚಿಕೊಂಡೆ. ಶುರುವಿಗೆ 2 ನಿಮಿಷ. ಮೂರು ಭಾಗ, ಒಂದೊಂದಕ್ಕೆ 9 ನಿಮಿಷ: ಅರ್ಜಿ ಹಾಕುವುದು, ಅದು ಮಂಜೂರಾಗುವ ದಾರಿ, ವಾಪಸ್ ಬಂದರೆ ಮಾಡಬೇಕಾದ್ದು. ಮೊದಲ ಎರಡು ಭಾಗಗಳ ನಂತರ 4 ನಿಮಿಷದ ನಿಲುಗಡೆ, ಮೂರನೆಯದರ ನಂತರ 5 ನಿಮಿಷ. ಮುಗಿಸುವುದಕ್ಕೆ 3. ಕೂಡಿಸಿದರೆ ಸರಿಯಾಗಿ 45. ಅಂದರೆ ನಾನು ಪಾಠ ಹೇಳುವುದು ಬರೀ 27 ನಿಮಿಷ. ಇದನ್ನು ಹೇಳಿದಾಗ ಜಾಸ್ತಿ ಜನ "ಅಷ್ಟು ಕಮ್ಮಿನಾ?" ಅನ್ನುತ್ತಾರೆ. ಹೌದು, ಅಷ್ಟೇ. ಉಳಿದ ವಿಷಯವನ್ನು ಮೊದಲೇ ಕತ್ತರಿಸಬೇಕು. ಇಲ್ಲದಿದ್ದರೆ ಕೊನೆಯಲ್ಲಿ ಅದು ತಾನಾಗಿಯೇ ಕತ್ತರಿಸಿಹೋಗುತ್ತದೆ, ಅದೂ ನಮಗೆ ಬೇಡದ ಕಡೆ.

ನಿಲುಗಡೆ ಎಲ್ಲಿ ಬರಬೇಕು ಅನ್ನುವುದನ್ನು ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ. ಈ ಮಾತಿನಲ್ಲಿ ಭಾಗಗಳು ಸಮನಾಗಿ ಬಂದವು, ಯಾವಾಗಲೂ ಹಾಗೆ ಬರುವುದಿಲ್ಲ. ನಾನು ನೋಡುವುದು ಇಷ್ಟೇ: ಇಲ್ಲಿಯವರೆಗೆ ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಲು ಬರುತ್ತದಾ? "ಅರ್ಜಿ ಹಾಕಿದ ಕೂಡಲೇ ಅದು ನಿಮ್ಮ ಮೇಲಿನವರ ಪರದೆಗೆ ಹೋಗುತ್ತದೆ" ಅಂತ ಹೇಳಲು ಬಂದರೆ ಅಲ್ಲಿ ಒಂದು ವಿಷಯ ಮುಗಿದಿದೆ, ನಿಲ್ಲಬಹುದು. ಬರದಿದ್ದರೆ ನಾನಿನ್ನೂ ಅರ್ಧ ದಾರಿಯಲ್ಲಿದ್ದೇನೆ. ಅರ್ಧ ದಾರಿಯಲ್ಲಿ ನಿಂತರೆ ಬರುವ ಪ್ರಶ್ನೆಗಳೆಲ್ಲ ನಾನು ಮುಂದೆ ಹೇಳಲಿರುವುದರ ಬಗ್ಗೆಯೇ ಇರುತ್ತವೆ. ಆ ಒಂದು ವಾಕ್ಯವನ್ನು ನನ್ನ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಶುರುವಿನ 2 ನಿಮಿಷದಲ್ಲಿ ಈ ಏರ್ಪಾಡನ್ನು ಜನರಿಗೆ ಹೇಳಿಬಿಡಬೇಕು. ನಾನು ಹೇಳುವುದು ಹೀಗೆ: "ಮೂರು ಕಡೆ ನಿಲ್ಲುತ್ತೇನೆ, ಪ್ರಶ್ನೆಗಳನ್ನು ಅಲ್ಲಿ ಕೇಳಿ. ನಾನು ಹೇಳಿದ್ದು ಕೇಳಿಸದಿದ್ದರೆ, ಯಾವುದಾದರೂ ಪದ ಅರ್ಥವಾಗದಿದ್ದರೆ ಮಾತ್ರ ತಕ್ಷಣ ತಡೆಯಿರಿ. ಇವತ್ತಿನ ವಿಷಯಕ್ಕೆ ಹೊರಗಿನದು ಬಂದರೆ ಈ ಹಾಳೆಯಲ್ಲಿ ಬರೆಯುತ್ತೇನೆ, ಹೋಗುವ ಮೊದಲು ಪ್ರತಿಯೊಂದಕ್ಕೂ ವಾಪಸ್ ಬರುತ್ತೇನೆ." ಇದನ್ನು ಮೊದಲೇ ಹೇಳದೆ, ಯಾರೋ ಪ್ರಶ್ನೆ ಕೇಳಿದ ಮೇಲೆ "ಅದನ್ನು ಆಮೇಲೆ ನೋಡೋಣ" ಅಂದರೆ ಆ ಒಬ್ಬರನ್ನು ಸುಮ್ಮನಾಗಿಸಿದ ಹಾಗೆ ಕಾಣುತ್ತದೆ. ಮೊದಲೇ ಹೇಳಿದ್ದರೆ ಎಲ್ಲರಿಗೂ ಒಂದೇ ನಿಯಮ.

ಆದರೂ ಜನ ನಡುವೆ ಕೇಳುತ್ತಾರೆ, ಕೇಳಲೇಬೇಕು ಕೂಡ. ಆಗ ಯೋಚನೆ ಮಾಡಲು ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ನನ್ನನ್ನು ನಾನು ಕೇಳಿಕೊಳ್ಳುವುದು ಒಂದೇ: ಇದಕ್ಕೆ ಈಗ ಉತ್ತರ ಕೊಡದಿದ್ದರೆ ಮುಂದಿನ ಐದು ನಿಮಿಷ ಇವರಿಗೋ ಬೇರೆಯವರಿಗೋ ಅರ್ಥವಾಗದೆ ಹೋಗುತ್ತದಾ? ಹೌದು ಅಂತಾದರೆ ನಿಲುಗಡೆಗೆ ಕಾಯಬಾರದು. ಎರಡನೇ ಸಲ ಒಬ್ಬರು "ಮೇಡಂ, ಸ್ಲೈಡಿನಲ್ಲಿ ಇರುವ ತಾರೀಖು ಸುತ್ತೋಲೆಯಲ್ಲಿ ಇರುವುದಕ್ಕಿಂತ ಬೇರೆ ಇದೆ" ಅಂದರು. ಅಲ್ಲೇ ನಿಲ್ಲಿಸಿ ಸರಿಪಡಿಸಿದೆ. ಆ ತಪ್ಪನ್ನು ಹಾಗೇ ಬಿಟ್ಟು ಮುಂದೆ ಹೋಗಿದ್ದರೆ ಕೋಣೆಯ ಅರ್ಧ ಜನ ನನ್ನ ಮಾತು ಬಿಟ್ಟು ಆ ತಾರೀಖಿನ ಬಗ್ಗೆಯೇ ಪಿಸುಗುಡುತ್ತಿದ್ದರು. ಇನ್ನೊಬ್ಬರು "ಹಾಕಿದ ಅರ್ಜಿಯಲ್ಲಿ ತಪ್ಪು ಕಂಡರೆ?" ಅಂದರು. ಅದು ಮೂರನೇ ಭಾಗದ್ದೇ. "ಮೂರನೇ ಭಾಗ ಪೂರ್ತಿ ಅದೇ, ಅಲ್ಲಿ ನಿಮ್ಮನ್ನೇ ಕೇಳಿ ಶುರು ಮಾಡುತ್ತೇನೆ" ಅಂದೆ, ಮತ್ತೆ ಹಾಗೇ ಮಾಡಿದೆ. ಸುಮ್ನೆ "ಮುಂದೆ ಬರುತ್ತೆ" ಅನ್ನುವುದು ಸಾಲದು. ಎಲ್ಲಿ ಬರುತ್ತದೆ ಅಂತ ಹೇಳಬೇಕು.

ಆಮೇಲೆ ಬಂತು ನಿಜವಾದ ಹೊರಗಿನ ಪ್ರಶ್ನೆ: "ಇದೆಲ್ಲ ಇರಲಿ, ಸಂಬಳದ ಚೀಟಿ ಯಾಕೆ ಪ್ರತಿ ತಿಂಗಳೂ ತಡ?" ಇಂಥದ್ದನ್ನು ಪಟ್ಟಿಗೆ ಹಾಕುವುದರಲ್ಲಿ ಒಂದು ಕ್ರಮ ಇದೆ. ನಾನು ಹಾಳೆಯ ಹತ್ತಿರ ನಡೆದುಹೋಗಿ, ಅವರ ಮಾತಿನಲ್ಲೇ ಬರೆದೆ. "ಪೇರೋಲ್ ಸಮಸ್ಯೆ" ಅಂತ ನನ್ನ ಭಾಷೆಗೆ ತಿರುಗಿಸಿ ಬರೆದರೆ ಕೇಳಿದವರಿಗೆ ಅದು ತಮ್ಮ ಪ್ರಶ್ನೆ ಅನ್ನಿಸುವುದಿಲ್ಲ, ಅವರು ಮತ್ತೆ ಕೈ ಎತ್ತುತ್ತಾರೆ. ಪಕ್ಕದಲ್ಲಿ ಅವರ ಹೆಸರಿನ ಮೊದಲ ಅಕ್ಷರ ಹಾಕಿದೆ. ಬರೆದದ್ದನ್ನು ಓದಿ "ಇದೇ ಅಲ್ವಾ?" ಅಂತ ಕೇಳಿದೆ. ಅವರು ಹೌದು ಅಂದರು. ಎಲ್ಲ ಸೇರಿ ಅರ್ಧ ನಿಮಿಷ. ನನ್ನ ಅನುಭವದಲ್ಲಿ ಆ "ಹೌದು" ಬಂದ ಮೇಲೆ ಅದೇ ಪ್ರಶ್ನೆ ಮತ್ತೆ ಏಳುವುದು ತೀರಾ ಅಪರೂಪ. ಜನರಿಗೆ ಬೇಕಾಗಿರುವುದು ತಮ್ಮ ಮಾತು ಕಳೆದುಹೋಗಿಲ್ಲ ಅನ್ನುವ ಖಾತ್ರಿ, ಅದಕ್ಕೇ ಪಟ್ಟಿ ಕಣ್ಣಿಗೆ ಕಾಣಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಆ ಕೆಲಸ ಆಗುವುದಿಲ್ಲ.

ಆಮೇಲೆ ಮಾತಿಗೆ ವಾಪಸ್ ಬರುವುದು. ಹೆಚ್ಚು ಜನ ಎಡವುವುದು ಇಲ್ಲೇ. "ಎಲ್ಲಿದ್ವಿ ನಾವು?" ಅಂತ ಕೇಳಿದರೆ ಕೇಳುಗರ ತಲೆಯಲ್ಲೂ ಎಳೆ ಕಡಿಯುತ್ತದೆ. ಚೀಟಿಯಲ್ಲಿ ಬರೆದಿಟ್ಟ ಆ ಒಂದು ವಾಕ್ಯ ಈಗ ಬೇಕಾಗುತ್ತದೆ: "ಅರ್ಜಿ ಮೇಲಿನವರ ಪರದೆಗೆ ಹೋಯಿತು. ಈಗ ಅವರು ಏನು ಮಾಡಬಹುದು ನೋಡೋಣ." ಎರಡು ವಾಕ್ಯದಲ್ಲಿ ಎಲ್ಲರೂ ಮತ್ತೆ ಒಂದೇ ಜಾಗದಲ್ಲಿ.

ನಿಲುಗಡೆಯಲ್ಲಿ "ಏನಾದರೂ ಪ್ರಶ್ನೆ ಇದೆಯಾ?" ಅಂತ ಕೇಳಿದರೆ ಸಾಮಾನ್ಯವಾಗಿ ಮೌನ. ಅದರ ಬದಲು ಈಗಷ್ಟೇ ಹೇಳಿದ್ದರ ಮೇಲೆ ಬೊಟ್ಟು ಇಟ್ಟು ಕೇಳಿ: "ನಿಮ್ಮ ಮೇಲಿನವರೇ ರಜೆಯಲ್ಲಿದ್ದರೆ ಈ ಅರ್ಜಿ ಎಲ್ಲಿ ನಿಲ್ಲುತ್ತದೆ?" ಆಗ ಯಾರಿಗೆ ಅರ್ಥವಾಗಿಲ್ಲ ಅನ್ನುವುದು ಹೊರಗೆ ಬರುತ್ತದೆ. ಕೇಳಿದ ಮೇಲೆ ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿ. ನಿಂತವರಿಗೆ ಅದು ತುಂಬಾ ಉದ್ದ ಅನ್ನಿಸುತ್ತದೆ, ಕೂತವರಿಗೆ ಪ್ರಶ್ನೆಯನ್ನು ಮಾತಾಗಿ ಜೋಡಿಸಿಕೊಳ್ಳಲು ಅಷ್ಟು ಬೇಕು. ಆ ಭಾಗದ ಸ್ಲೈಡ್ ಪರದೆಯ ಮೇಲೆ ಹಾಗೇ ಇರಲಿ, ಪರದೆ ಖಾಲಿ ಮಾಡಿದರೆ ಪ್ರಶ್ನೆಗಳೂ ಎಲ್ಲೆಲ್ಲಿಗೋ ಹೋಗುತ್ತವೆ. ಯಾರೂ ಕೇಳಲಿಲ್ಲವಾ, ಮುಂದೆ ಹೋಗಿ. ಉಳಿದ ನಿಮಿಷ ಕೊನೆಯ ನಿಲುಗಡೆಗೆ ಸಿಗುತ್ತದೆ.

ಹಿರಿಯ ಅಧಿಕಾರಿ ಅಡ್ಡಬಂದರೆ ಏನು ಮಾಡುವುದು ಅಂತಲೂ ಕೇಳುತ್ತಾರೆ. ಅವರನ್ನು ನೇರವಾಗಿ ಪಟ್ಟಿಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ತೀರ್ಮಾನ ತೆಗೆದುಕೊಳ್ಳುವವರ ಪ್ರಶ್ನೆಯಿಂದ ಕೆಲವೊಮ್ಮೆ ಮಾತಿನ ಗುರಿಯೇ ಬದಲಾಗುತ್ತದೆ. ಮೊದಲು ಒಂದು ವಾಕ್ಯದ ಉತ್ತರ ಕೊಡುತ್ತೇನೆ. ಅವರು ಇನ್ನೂ ಬೇಕು ಅಂದರೆ, "ಸರ್, ಈಗಲೇ ಇದನ್ನು ಮಾತಾಡಿದರೆ ಮೂರನೇ ಭಾಗವನ್ನು ಅರ್ಧ ಮಾಡಬೇಕಾಗುತ್ತದೆ, ಹಾಗೆ ಮಾಡಲಾ?" ಅಂತ ಕೇಳುತ್ತೇನೆ. ಏನು ಬಿಟ್ಟುಹೋಗುತ್ತದೆ ಅಂತ ಗೊತ್ತಾದ ಮೇಲೆ ಅವರು ಯಾವುದನ್ನು ಆರಿಸಿದರೂ ಅದು ಸರಿಯಾದ ಆಯ್ಕೆಯೇ.

ಪಟ್ಟಿ ಕೆಡುವುದು ಎರಡು ರೀತಿ. ಒಂದು, ಅದಕ್ಕೆ ವಾಪಸ್ ಬರದೇ ಇರುವುದು. ಒಂದು ಸಲ ಹಾಗೆ ಮಾಡಿದರೆ ಮುಂದಿನ ಸಲ ಅದೇ ಜನ ಯಾವುದನ್ನೂ ಪಟ್ಟಿಗೆ ಹಾಕಲು ಒಪ್ಪುವುದಿಲ್ಲ, ಅವರದ್ದು ಸರಿಯೇ. ಇನ್ನೊಂದು, ಕಷ್ಟದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಅದನ್ನು ಬಳಸುವುದು. ಇದನ್ನು ಪತ್ತೆ ಹಚ್ಚುವುದು ಸುಲಭ. ಬೇರೆ ಬೇರೆ ಕಡೆ ಕೂತ ಮೂವರು ಒಂದೇ ವಿಷಯ ಕೇಳಿದ್ದಾರಾ ನೋಡಿ. ಕೇಳಿದ್ದರೆ ಅದು ಹೊರಗಿನ ವಿಷಯ ಅಲ್ಲ, ನನ್ನ ಮಾತಿನಲ್ಲೇ ತೂತು ಇದೆ ಅಂತ ಅರ್ಥ. ಹಳೆಯ ರಜೆಯ ಲೆಕ್ಕ ನನಗೆ ಹಾಗೆಯೇ ಆಗಿತ್ತು. ಎರಡನೇ ಸಲ ಅದನ್ನು ಮೊದಲ ಭಾಗದ ಒಳಗೇ, ಒಂದು ನಿಮಿಷದಲ್ಲಿ ಹೇಳಿ ಮುಗಿಸಿದೆ. ಯಾರೂ ಅದರ ಬಗ್ಗೆ ಮತ್ತೆ ಕೇಳಲಿಲ್ಲ.

ಐದಾರು ಜನ ಮೇಜಿನ ಸುತ್ತ ಕೂತಿದ್ದರೆ ಇಷ್ಟೆಲ್ಲ ಬೇಡ, ಅಲ್ಲಿ ನಡುವೆ ಕೇಳುವುದೇ ಮಾತುಕತೆ. ಆನ್‌ಲೈನ್ ಸಭೆಯಲ್ಲಾದರೆ ಚಾಟ್ ನೋಡಿಕೊಳ್ಳಲು, ಪಟ್ಟಿ ಬರೆಯಲು ಇನ್ನೊಬ್ಬರು ಇರಲಿ. ಮಾತಾಡುತ್ತಾ ಚಾಟ್ ಓದಲು ಹೋದರೆ ಎರಡೂ ಕೆಡುತ್ತವೆ.

ಕೊನೆಯ 5 ನಿಮಿಷದ ನಿಲುಗಡೆಯಲ್ಲಿ ಪಟ್ಟಿಯ ಮುಂದೆ ನಿಂತು ಒಂದೊಂದೇ ಓದುತ್ತೇನೆ. ಉತ್ತರ ಗೊತ್ತಿದ್ದರೆ ಹೇಳಿ ಹೊಡೆದುಹಾಕುತ್ತೇನೆ. ಗೊತ್ತಿಲ್ಲದಿದ್ದರೆ ಯಾರು ಉತ್ತರ ಕೊಡುತ್ತಾರೆ, ಯಾವತ್ತಿನೊಳಗೆ ಅಂತ ಅದರ ಪಕ್ಕದಲ್ಲೇ ಬರೆಯುತ್ತೇನೆ. ಮುಗಿಸುವ 3 ನಿಮಿಷ ಇದಾದ ಮೇಲೆಯೇ ಬರಬೇಕು. ಜನ ಎದ್ದುಹೋಗುವಾಗ ಕಿವಿಯಲ್ಲಿ ಉಳಿಯಬೇಕಾದದ್ದು ವಾಪಸ್ ಬಂದ ಅರ್ಜಿಯನ್ನು ಸರಿಪಡಿಸುವ ದಾರಿ, ಯಾರದೋ ಕೊನೆಯ ಪ್ರಶ್ನೆ ಅಲ್ಲ. ಸಂಬಳದ ಚೀಟಿಯ ಮುಂದೆ ಅವತ್ತು "ಲೆಕ್ಕ ವಿಭಾಗವನ್ನು ಕೇಳಿ ನಾನು ತಿಳಿಸುತ್ತೇನೆ, ಗುರುವಾರದೊಳಗೆ" ಅಂತ ಬರೆದೆ. ಹಾಳೆಯ ಫೋಟೋ ತೆಗೆದು ಬಂದವರಿಗೆಲ್ಲ ಕಳಿಸಿದೆ. ಬುಧವಾರ ಸಂಜೆ ಲೆಕ್ಕ ವಿಭಾಗದ ಉತ್ತರ ಸಿಕ್ಕಿತು, ಅದನ್ನು ಅದೇ ಫೋಟೋದ ಕೆಳಗೆ ಹಾಕಿ ಎಲ್ಲರಿಗೂ ಮತ್ತೊಮ್ಮೆ ಕಳಿಸಿದೆ.