ಗಾಡಿ ಓಡುತ್ತಿದೆ, ಆದರೆ ಡೆಲಿವರಿ ಕೊಡುವ ಹಾಗಿಲ್ಲ

ಸಂಜೆ ಡೆಲಿವರಿ ಕೊಡಬೇಕಿದ್ದ ಒಂದು ನಾನ್ ಆರ್‌ಟಿಒ ಸ್ಕೂಟರನ್ನು, ಅಂದರೆ ನೋಂದಣಿ, ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಸ್ಕೂಟರನ್ನು, ತಡೆದು ನಿಲ್ಲಿಸಿದ್ದಕ್ಕೆ ನನಗೂ ಮ್ಯಾನೇಜರ್‌ಗೂ ಜೋರು ಮಾತಾಯಿತು. ಅದು ಈಗಲೂ ತಲೆಯಲ್ಲಿ ಕೊರೆಯುತ್ತಿದೆ. ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡುವವರಿಗೂ ಓಡಿಸುವವರಿಗೂ ಬೇಕಾದ ವಿಷಯ ಅದರಲ್ಲಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಗಾಡಿ ಬಂದದ್ದು ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪಾರ್ಟ್, ಸುಟ್ಟು. ಮಳೆಯಲ್ಲಿ ನೀರು ನುಗ್ಗಿತ್ತು. ಕಂಪನಿಯಿಂದ ಪಾರ್ಟ್ ಬರಲು ವಾರಗಟ್ಟಲೆ ಆಗುತ್ತದೆ, ಇತ್ತ ಜಾಬ್ ಕಾರ್ಡ್ ಕ್ಲೋಸ್ ಮಾಡಿ ಅಂತ ದಿನಾ ಮೆಸೇಜು. ಅಷ್ಟರಲ್ಲಿ ನಮ್ಮ ಹುಡುಗ ಮಾರ್ಕೆಟ್‌ನಿಂದ 60 ವೋಲ್ಟ್‌ನ ಯೂನಿವರ್ಸಲ್ ಕಂಟ್ರೋಲರ್ ತಂದು ಹಾಕಿದ್ದ. ವೈರಿಂಗ್ ಅಚ್ಚುಕಟ್ಟಾಗಿತ್ತು, ಹಾಲ್ ಸೆನ್ಸರ್ ಸರಿಯಾಗಿ ಕೂತಿತ್ತು, ಶಬ್ದ ಇಲ್ಲ, ಜರ್ಕ್ ಇಲ್ಲ. ಕೆಲಸದಲ್ಲಿ ಅವನು ಗಟ್ಟಿಗ.

ಟೆಸ್ಟ್ ರೈಡ್‌ಗೆ ಹೋದೆ. ಗೇಟ್ ದಾಟಿ ಥ್ರಾಟಲ್ ತಿರುಗಿಸಿದ ಕೂಡಲೇ ಏನೋ ಬೇರೆ ಅನ್ನಿಸಿತು. ಈ ಮಾಡೆಲ್ ಹಾಗೆ ಮುನ್ನುಗ್ಗುವುದಿಲ್ಲ. ಮೀಟರ್ ಸೊನ್ನೆ ತೋರಿಸುತ್ತಿತ್ತು, ಏಕೆಂದರೆ ಹೊಸ ಕಂಟ್ರೋಲರ್‌ನ ಸ್ಪೀಡ್ ವೈರ್ ಮೀಟರ್‌ಗೆ ಕೊಟ್ಟಿರಲಿಲ್ಲ. ಫೋನ್‌ನಲ್ಲಿ ಜಿಪಿಎಸ್ ಆನ್ ಮಾಡಿ ಮತ್ತೊಂದು ಸುತ್ತು ಹೋದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 38 ಕಿಲೋಮೀಟರ್.

ವಾಪಸ್ ಬಂದು ಮೇನ್ ಸ್ಟ್ಯಾಂಡ್ ಹಾಕಿ ಚಕ್ರಕ್ಕೆ ಸ್ಟಿಕ್ಕರ್ ಅಂಟಿಸಿ ಟ್ಯಾಕೋಮೀಟರ್ ಹಿಡಿದೆವು. ಈ ಟೈರಿನ ಸುತ್ತಳತೆ ಸುಮಾರು 1.3 ಮೀಟರ್. ಗಂಟೆಗೆ 25 ಕಿಲೋಮೀಟರ್ ಅಂದರೆ ಚಕ್ರ ನಿಮಿಷಕ್ಕೆ ಹೆಚ್ಚುಕಡಿಮೆ 320 ಸುತ್ತು ತಿರುಗಬೇಕು. ನಮಗೆ ಬಂದದ್ದು 530. ಲೋಡ್ ಇಲ್ಲದಾಗ ಚಕ್ರ ಸ್ವಲ್ಪ ಜಾಸ್ತಿ ತಿರುಗುತ್ತದೆ, ನಿಜ. ಆದರೆ ಅದೇ ಮಾಡೆಲ್‌ನ ಇನ್ನೊಂದು ಗಾಡಿ ಪಕ್ಕದಲ್ಲೇ ಇತ್ತು. ಅದರ ಮೂಲ ಕಂಟ್ರೋಲರ್‌ನಲ್ಲಿ ಲಿಮಿಟ್ ಇದೆ. ಥ್ರಾಟಲ್ ಪೂರ್ತಿ ಕೊಟ್ಟರೂ ಅದು 320ರ ಆಸುಪಾಸಿನಲ್ಲೇ ನಿಂತಿತು. ಅಲ್ಲಿಗೆ ಅನುಮಾನ ಉಳಿಯಲಿಲ್ಲ.

ಹುಡುಗ ಮೋಟಾರ್ ಮೇಲಿನ ಪ್ಲೇಟ್ ತೋರಿಸಿದ. ‘ಸಾರ್, ಮೋಟಾರ್ ನಾನು ಮುಟ್ಟೇ ಇಲ್ಲ. 250 ವ್ಯಾಟ್ ಅಂತಾನೇ ಇದೆ. ಲೈಸೆನ್ಸ್ ಯಾಕೆ ಬೇಕು?’ ಅವನೊಬ್ಬನೇ ಅಲ್ಲ, ಶೋರೂಮ್‌ನಲ್ಲಿ ಗಾಡಿ ಮಾರುವವರೂ ಹೀಗೇ ಹೇಳುತ್ತಾರೆ. 250 ವ್ಯಾಟ್ ಅಂದರೆ ಸಾಕು, ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಇಡೀ ಗೊಂದಲದ ಬೇರು ಇಲ್ಲೇ ಇದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಬ್ಯಾಟರಿ ವಾಹನದ ವ್ಯಾಖ್ಯೆ ನಿಯಮ 2(ಯು)ನಲ್ಲಿದೆ. ಥ್ರಾಟಲ್ ಇರುವ ಸ್ಕೂಟರ್ ಮೋಟಾರು ವಾಹನ ಅಲ್ಲ ಅನ್ನಿಸಿಕೊಳ್ಳಬೇಕಾದರೆ ಅದರ ಮೋಟಾರಿನ 30 ನಿಮಿಷದ ಪವರ್ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರಬೇಕು, ಗರಿಷ್ಠ ವೇಗವೂ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು. ಎರಡೂ ಒಟ್ಟಿಗೆ ಇರಬೇಕು, ಒಂದಿದ್ದು ಇನ್ನೊಂದು ಇಲ್ಲದಿದ್ದರೆ ನಡೆಯುವುದಿಲ್ಲ. ಜೊತೆಗೆ ಅದನ್ನು ನಿಯಮ 126ರಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆ ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟಿರಬೇಕು. ಪುಣೆಯ ಎಆರ್‌ಎಐ ಅಂಥ ಒಂದು ಸಂಸ್ಥೆ.

‘30 ನಿಮಿಷದ ಪವರ್’ ಅನ್ನುವುದನ್ನು ಹುಡುಗನಿಗೆ ಬಿಡಿಸಿ ಹೇಳಬೇಕಾಯಿತು. ಅರ್ಧ ಗಂಟೆ ಒಂದೇ ಸಮನೆ ಓಡಿದರೂ ಮೋಟಾರು ತಡೆದುಕೊಂಡು ಕೊಡಬಲ್ಲ ಶಕ್ತಿ ಅದು. ಏರು ಹತ್ತುವಾಗ ಕೆಲವು ಸೆಕೆಂಡು ಅದು ಎಷ್ಟೋ ಪಟ್ಟು ಜಾಸ್ತಿ ಎಳೆಯಬಹುದು. ಎಷ್ಟು ಎಳೆಯಬೇಕು ಅಂತ ತೀರ್ಮಾನಿಸುವುದು ಕಂಟ್ರೋಲರ್. ಮೂಲ ಕಂಟ್ರೋಲರ್ 15 ಆಂಪಿಯರ್‌ನದು, ಅಂದರೆ 60 ವೋಲ್ಟ್‌ನಲ್ಲಿ ಬ್ಯಾಟರಿಯಿಂದ ಹೆಚ್ಚೆಂದರೆ 900 ವ್ಯಾಟ್. ಮಾರ್ಕೆಟ್‌ನದು 25 ಆಂಪಿಯರ್, ಅಂದರೆ 1500 ವ್ಯಾಟ್. ಮೋಟಾರಿನ ಪ್ಲೇಟ್ ಮಾತ್ರ ಅದೇ. ಹೀಗೆ ಬದಲಾಯಿಸಿದ ಮೇಲೆ 30 ನಿಮಿಷದ ಪವರ್ ಎಷ್ಟು ಅನ್ನುವುದನ್ನು ಲ್ಯಾಬ್‌ನಲ್ಲಿ ಅಳೆದೇ ಹೇಳಬೇಕು. ಆದರೆ ನಮಗೆ ಅಷ್ಟು ದೂರ ಹೋಗುವ ಅಗತ್ಯವೇ ಬರಲಿಲ್ಲ. ವೇಗ 38 ಬಂದಾಗಲೇ ವಿನಾಯಿತಿ ಹೋಯಿತು.

ಹೋದರೆ ಒಂದೇ ಹೋಗುವುದಿಲ್ಲ. ಮೋಟಾರು ವಾಹನ ಅಂತಾದ ಕ್ಷಣ ಮೋಟಾರು ವಾಹನ ಕಾಯ್ದೆಯ ಕಲಂ 3ರ ಪ್ರಕಾರ ಲೈಸೆನ್ಸ್, ಕಲಂ 39ರ ಪ್ರಕಾರ ನೋಂದಣಿ, ಕಲಂ 146ರ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಮೂರೂ ಬೇಕು. ಈ ಗಾಡಿಗೆ ಮೂರರಲ್ಲಿ ಒಂದೂ ಇಲ್ಲ. ಓಡಿಸುವವಳು ಪಿಯುಸಿ ಓದುವ ಹುಡುಗಿ, ವಯಸ್ಸು 17. ಯಾರಿಗಾದರೂ ತಾಗಿಸಿದರೆ ಪರಿಹಾರ ಕೊಡಲು ಇನ್ಶೂರೆನ್ಸ್ ಇಲ್ಲ, ಎಲ್ಲ ಮನೆಯವರ ತಲೆಗೆ. ಅಪ್ರಾಪ್ತರು ಅಪರಾಧ ಮಾಡಿದರೆ ಕಲಂ 199ಎ ಪೋಷಕರನ್ನೇ ಹೊಣೆ ಮಾಡುತ್ತದೆ: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗಳು ನಿಧಾನವಾಗಿ ಹೋಗಿ ಬರಲಿ ಅಂತಲೇ ಆ ಅಪ್ಪ ಈ ಗಾಡಿ ಕೊಡಿಸಿದ್ದರು. ಅವರು ಕೇಳದೇ ಇದ್ದ ವೇಗವನ್ನು ನಮ್ಮ ವರ್ಕ್‌ಶಾಪ್ ಹಾಕಿಕೊಟ್ಟಿತ್ತು. ನನಗೆ ತೀರಾ ಸಂಕಟವಾದದ್ದು ಇದಕ್ಕೆ.

ಮ್ಯಾನೇಜರ್ ಒಪ್ಪಲಿಲ್ಲ. ‘ಗಾಡಿ ಓಡ್ತಿದೆ ಅಲ್ವಾ? ಕಸ್ಟಮರ್ ಹೊರಗೆ ಕೂತಿದ್ದಾರೆ. ನಿಧಾನಕ್ಕೆ ಓಡಿಸಿ ಅಂತ ಹೇಳಿ ಕೊಟ್ಟು ಕಳಿಸಿ.’ ನಿಧಾನ ಓಡಿಸಿದರೆ ಆಗುವುದಿಲ್ಲ ಸಾರ್, ನಿಯಮ ನೋಡುವುದು ಗಾಡಿ ಎಷ್ಟು ಹೋಗಬಲ್ಲದು ಅನ್ನುವುದನ್ನು, ಅವತ್ತು ಎಷ್ಟು ಹೋಯಿತು ಅನ್ನುವುದನ್ನಲ್ಲ ಅಂದೆ. ಅವರು ಬಿಲ್ ತೋರಿಸಿದರು. ನಾನು ಕಲಂ 182ಎ ತೆಗೆದು ತೋರಿಸಿದೆ. ನಿಯಮ ಮೀರಿದ ಮೋಟಾರು ವಾಹನವನ್ನು ಡೀಲರ್ ಮಾರಿದರೂ ಮಾರ್ಪಾಡು ಮಾಡಿದರೂ ಒಂದು ವರ್ಷದವರೆಗೆ ಜೈಲು ಅಥವಾ ಗಾಡಿಗೆ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಅಷ್ಟು ಹೊತ್ತೂ ಗಾಜಿನ ಆಚೆಯಿಂದ ಅಪ್ಪ, ಮಗಳು ನಮ್ಮನ್ನೇ ನೋಡುತ್ತಿದ್ದರು. ಕೊನೆಗೆ ಮ್ಯಾನೇಜರ್ ‘ನೀವೇ ಹೋಗಿ ಹೇಳಿ’ ಅಂದರು.

ಹೋಗಿ ಹೇಳಿದೆ. ಆ ತಂದೆ ಕೇಳಿದ ಮೊದಲ ಪ್ರಶ್ನೆ ಬಹಳ ನ್ಯಾಯವಾದದ್ದು. ‘ಹಾಗಾದ್ರೆ ರಿಜಿಸ್ಟರ್ ಮಾಡಿಸಿ ಕೊಡಿ, ಮಗಳಿಗೆ ಹದಿನೆಂಟು ತುಂಬಿದ ಮೇಲೆ ಲೈಸೆನ್ಸ್ ಮಾಡಿಸ್ತೀನಿ. ಗಾಡಿ ಚೆನ್ನಾಗೇ ಓಡ್ತಿದೆಯಲ್ಲ?’ ಅದು ಆಗುವುದಿಲ್ಲ. ನೋಂದಣಿಗೆ ಫಾರ್ಮ್ 20ರ ಅರ್ಜಿ, ಫಾರ್ಮ್ 21ರ ಮಾರಾಟ ಪತ್ರದ ಜೊತೆ ತಯಾರಕರು ಕೊಡುವ ಫಾರ್ಮ್ 22 ಬೇಕು. ಈ ಮಾಡೆಲ್‌ಗೆ ಕಂಪನಿ ಪಡೆದಿರುವುದು ವಿನಾಯಿತಿಯ ಸರ್ಟಿಫಿಕೇಟ್, ಮೋಟಾರು ವಾಹನ ಅಂತ ಅನುಮೋದನೆ ಅಲ್ಲ. 38 ಹೋಗುವ ಗಾಡಿಗೆ ಬೇಕಾದ ಬ್ರೇಕ್, ಲೈಟ್, ಬ್ಯಾಟರಿ ಪರೀಕ್ಷೆ ಇದಕ್ಕೆ ಆಗಿಲ್ಲ. ಹೀಗಿರುವಾಗ ಇದು ವಿನಾಯಿತಿಯ ಕಡೆಗೂ ಸೇರುವುದಿಲ್ಲ, ನೋಂದಣಿಯ ಕಡೆಗೂ ಸೇರುವುದಿಲ್ಲ. ಮೂಲ ಕಂಟ್ರೋಲರ್ ಹಾಕುವುದೊಂದೇ ದಾರಿ.

ಅವರು ಸಿಟ್ಟಾದರು, ಆದರೆ ಕಾಯಲು ಒಪ್ಪಿದರು. ಮಾರ್ಕೆಟ್ ಕಂಟ್ರೋಲರ್ ಬಿಚ್ಚಿ, ಅದರ ಬಿಲ್ ರದ್ದು ಮಾಡಿ, ಕಂಪನಿ ಪಾರ್ಟ್ ಬಂದ ಮೇಲೆ ಹಾಕಿ, ಮತ್ತೆ ಟ್ಯಾಕೋಮೀಟರ್ ಹಿಡಿದು 320ರ ಆಸುಪಾಸು ಬಂದದ್ದನ್ನು ಅವರ ಎದುರಿಗೇ ತೋರಿಸಿ ಕೊಟ್ಟೆವು.

ಈಗ ನಾನ್ ಆರ್‌ಟಿಒ ಗಾಡಿಯ ಕಂಟ್ರೋಲರ್ ಮುಟ್ಟಿದರೆ ಜಾಬ್ ಕಾರ್ಡ್‌ನಲ್ಲಿ ಮೂರು ವಿಷಯ ಬರೆಯಿಸುತ್ತೇನೆ: ಪಾರ್ಟ್ ನಂಬರ್, ಸ್ಟ್ಯಾಂಡ್ ಮೇಲೆ ಚಕ್ರದ ಸುತ್ತು, ರಸ್ತೆಯಲ್ಲಿ ಜಿಪಿಎಸ್ ವೇಗ. ಬೇರೆ ಕಡೆ ರಿಪೇರಿಯಾಗಿ ಬಂದ ಗಾಡಿಯಲ್ಲಿ ಸ್ಪೀಡ್ ಲಿಮಿಟ್‌ನ ಕಪ್ಲರ್ ಬಿಚ್ಚಿಟ್ಟಿದ್ದಾರಾ ಅಂತಲೂ ನೋಡುತ್ತೇವೆ, ಎಷ್ಟೋ ಗಾಡಿಗಳಲ್ಲಿ ಅಷ್ಟು ಮಾಡಿದರೆ ಸಾಕು ವೇಗ ಏರುತ್ತದೆ. ಇಷ್ಟೆಲ್ಲ ನಮ್ಮ ಕೈಯಲ್ಲಿದೆ. ಪಾರ್ಟ್ ಬೇಗ ಕಳಿಸುವುದು ಕಂಪನಿಯ ಕೈಯಲ್ಲಿದೆ. ಅದಕ್ಕೆ ನಾಲ್ಕು ಸಲ ಮೇಲ್ ಬರೆದರೂ ಇನ್ನೂ ಉತ್ತರ ಬಂದಿಲ್ಲ.