ಹನ್ನೆರಡು ತಾಕು, ನೂರಿಪ್ಪತ್ತು ಗಿಡ: ಒಂದು ರಿವ್ಯೂ ವರದಿ ಬರೆದ ದಿನ

ವೈಜ್ಞಾನಿಕ ಪತ್ರಿಕೆಯೊಂದರ ಸಂಪಾದಕರಿಂದ ವಿಮರ್ಶೆಗೆ ಬಂದ ಹಸ್ತಪ್ರತಿ ಖುಷ್ಕಿ ರಾಗಿಯನ್ನು ಕುರಿತದ್ದು. ಬಿತ್ತನೆ ಬೀಜಕ್ಕೆ ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾದ ಜೈವಿಕ ಗೊಬ್ಬರ ಹಚ್ಚಿದರೆ ಶಿಫಾರಸು ಮಾಡಿದ ಸಾರಜನಕದಲ್ಲಿ ಕಾಲುಭಾಗ ಉಳಿಸಬಹುದು, ಇಳುವರಿ ಕುಗ್ಗುವುದಿಲ್ಲ ಎಂದು ಲೇಖಕರ ವಾದ. ನಿಜವಾದರೆ ಕೆಂಪು ಮಣ್ಣಿನ ಸಣ್ಣ ರೈತನಿಗೆ ನೇರವಾಗಿ ತಲುಪುವ ಮಾತು. ಅದಕ್ಕೇ ಗಟ್ಟಿಯಾಗಿ ತಿಕ್ಕಿ ನೋಡಬೇಕಿತ್ತು. ವಿಮರ್ಶೆಗೆ ಬಂದ ಹಸ್ತಪ್ರತಿ ಗೋಪ್ಯವಾಗಿ ಇಡಬೇಕಾದದ್ದು, ಆದ್ದರಿಂದ ಇಲ್ಲಿ ಸಂಖ್ಯೆಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ತಪ್ಪಿನ ಸ್ವರೂಪ, ಲೆಕ್ಕದ ದಾರಿ ಎರಡೂ ಇದ್ದಂತೆಯೇ ಇವೆ.

ಬೆಳಗ್ಗೆ ಓದು ಶುರುವಾದದ್ದು ವಿಧಾನದ ಭಾಗದಿಂದ. ಸಾರಾಂಶವನ್ನು ಮೊದಲು ಓದಿದರೆ ಲೇಖಕರ ತೀರ್ಮಾನ ಮನಸ್ಸಿನಲ್ಲಿ ಕೂತುಬಿಡುತ್ತದೆ, ಕೋಷ್ಟಕಗಳೂ ಅದನ್ನೇ ಹೇಳುವಂತೆ ಕಾಣುತ್ತವೆ. ಪ್ರಯೋಗ ಹೀಗಿತ್ತು: ನಾಲ್ಕು ಉಪಚಾರ, ಮೂರು ಬ್ಲಾಕ್, ಒಟ್ಟು 12 ತಾಕು. ಉಪಚಾರಗಳು ಏನೂ ಹಾಕದ ತಾಕು, ಪೂರ್ತಿ ಶಿಫಾರಸು ಗೊಬ್ಬರ, ಶೇ 75 ಸಾರಜನಕದ ಜೊತೆ ಅಜೋಸ್ಪಿರಿಲಂ, ಬರೀ ಅಜೋಸ್ಪಿರಿಲಂ. ಪ್ರತಿ ಬ್ಲಾಕಿನೊಳಗೆ ಉಪಚಾರಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿದ್ದರು. ಇಲ್ಲಿಯವರೆಗೆ ಕೆಲಸ ಸರಿಯಾಗಿತ್ತು. ಪ್ರತಿ ತಾಕಿನಲ್ಲಿ ಹತ್ತು ಗಿಡಕ್ಕೆ ಗುರುತು ಕಟ್ಟಿ, ಬುಡದಿಂದ ಒಡೆದು ತೆನೆ ಬಿಟ್ಟ ತೆಂಡೆಗಳನ್ನು ಎಣಿಸಿದ್ದರು.

ತೆಂಡೆಯ ಕೋಷ್ಟಕದ ಅಡಿಯಲ್ಲಿ ವಿಶ್ಲೇಷಣೆಯ ಸಾಲು ಇತ್ತು: ಎರರ್ ಡಿ.ಎಫ್. 116. ಆಕಸ್ಮಿಕ ಏರುಪೇರನ್ನು ಅಂದಾಜಿಸಲು ಎಷ್ಟು ಸ್ವತಂತ್ರ ಸಾಕ್ಷಿ ಇವೆ ಎಂಬ ಲೆಕ್ಕವೇ ಎರರ್ ಡಿ.ಎಫ್. ವರದಿಯ ಮೊದಲ ಅಂಶ ಹುಟ್ಟಿದ್ದು ಈ ಒಂದು ಸಂಖ್ಯೆಯಿಂದ. ನಾಲ್ಕು ಉಪಚಾರ, ಮೂರು ಬ್ಲಾಕಿನ ಪ್ರಯೋಗದಲ್ಲಿ ಎರರ್ ಡಿ.ಎಫ್. ಅಂದರೆ 4ರಿಂದ 1 ಕಳೆದದ್ದನ್ನು 3ರಿಂದ 1 ಕಳೆದದ್ದಕ್ಕೆ ಗುಣಿಸಿದಷ್ಟು, 6. 116 ಬರಬೇಕಾದರೆ 120ರಿಂದ 4 ಕಳೆದಿರಬೇಕು, ಅಂದರೆ 120 ಗಿಡಗಳನ್ನೂ 120 ಸ್ವತಂತ್ರ ಸಾಕ್ಷಿಗಳೆಂದು ಎಣಿಸಿ, ಬ್ಲಾಕನ್ನು ಬಿಟ್ಟೇ ಬಿಟ್ಟಿದ್ದಾರೆ. ಗೊಬ್ಬರ ಹಾಕಿದ್ದು ತಾಕಿಗೆ, ಗಿಡ ಗಿಡಕ್ಕಲ್ಲ. ಒಂದೇ ತಾಕಿನ ಹತ್ತು ಗಿಡಗಳಿಗೆ ಮಣ್ಣು ಒಂದೇ, ನೀರು ನಿಲ್ಲುವ ತಗ್ಗು ಒಂದೇ, ಕಳೆ ಕಿತ್ತ ಕೈಯೂ ಒಂದೇ. ಅದೇ ತಾಕಿನಲ್ಲಿ ಹನ್ನೊಂದನೆಯ ಗಿಡವನ್ನೂ ಎಣಿಸಿದರೆ ಆ ತಾಕಿನ ಸರಾಸರಿ ಇನ್ನಷ್ಟು ನಿಖರವಾಗುತ್ತದೆ, ಉಪಚಾರದ ಬಗ್ಗೆ ಹೊಸ ಸಾಕ್ಷಿ ಸಿಗುವುದಿಲ್ಲ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಇದಕ್ಕೆ ಸ್ಯೂಡೋರೆಪ್ಲಿಕೇಶನ್ ಎಂದು ಹೆಸರಿಟ್ಟರು. ಹೆಸರು ಗೊತ್ತಿದ್ದವರೂ ಈ ತಪ್ಪು ಮಾಡುತ್ತಾರೆ. ಸಾಫ್ಟ್‌ವೇರ್‌ಗೆ ಗಿಡದ ಪಟ್ಟಿ ಕೊಟ್ಟರೆ ಅದು ತಾಕು ಯಾವುದೆಂದು ಕೇಳುವುದಿಲ್ಲ.

ದೋಷ ಇದೆ ಎಂದಷ್ಟೇ ಬರೆದರೆ ಸಾಲದು. ಅದರಿಂದ ತೀರ್ಮಾನ ಕದಲುತ್ತದೆಯೋ ಇಲ್ಲವೋ ತೋರಿಸಬೇಕು. ಪೂರಕ ಕಡತದಲ್ಲಿ ಗಿಡವಾರು ಅಂಕಿಗಳಿದ್ದವು, ಹಾಗಾಗಿ ಲೆಕ್ಕ ಮಾಡಿ ನೋಡಲು ಸಾಧ್ಯವಾಯಿತು. ಆರ್ ಎಂಬ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಮೊದಲು ತಾಕಿನ ಸರಾಸರಿ, ಆಮೇಲೆ ವಿಶ್ಲೇಷಣೆ:

```
plots <- aggregate(tillers ~ block + treatment,
                   data = plants, FUN = mean)
summary(aov(tillers ~ factor(block) + factor(treatment),
            data = plots))
```

ಇಲ್ಲಿ `factor` ಬಿಡುವಂತಿಲ್ಲ. ಬ್ಲಾಕುಗಳಿಗೆ 1, 2, 3 ಎಂದು ಅಂಕಿ ಕೊಟ್ಟಿದ್ದರೆ ಅದಿಲ್ಲದೆ ಆರ್ ಅವನ್ನು ಅಳತೆಯೆಂದು ತಿಳಿದು ಒಂದು ಗೆರೆ ಎಳೆಯುತ್ತದೆ. ಆಗ ಬ್ಲಾಕಿನ ಡಿ.ಎಫ್. 2ರ ಬದಲು 1, ಎರರ್‌ನದು 6ರ ಬದಲು 7 ಬರುತ್ತದೆ. 7 ಕಂಡರೆ ತಪ್ಪು ಅಲ್ಲೇ ಇದೆ.

ಏನೂ ಹಾಕದ ಮೂರು ತಾಕುಗಳ ಸರಾಸರಿ 2.3, 2.6, 2.9 ತೆಂಡೆ. ಬರೀ ಅಜೋಸ್ಪಿರಿಲಂ ಹಾಕಿದವು 2.9, 2.6, 3.5. ಉಪಚಾರದ ಸರಾಸರಿ 2.6 ಮತ್ತು 3.0, ವ್ಯತ್ಯಾಸ 0.4. ಲೇಖಕರ ಲೆಕ್ಕದಲ್ಲಿ ಸಿ.ಡಿ., ಅಂದರೆ ಗಣನೀಯ ಎನ್ನಿಸಿಕೊಳ್ಳಲು ವ್ಯತ್ಯಾಸ ದಾಟಬೇಕಾದ ಮಿತಿ, 0.36 ಇದ್ದುದರಿಂದ 0.4 ಅದನ್ನು ದಾಟಿತ್ತು, 'ಗಣನೀಯ ಹೆಚ್ಚಳ' ಎಂದು ಬರೆದಿದ್ದರು. ತಾಕುಗಳ ಮೇಲೆ ಮಾಡಿದ ಲೆಕ್ಕದಲ್ಲಿ ಸಿ.ಡಿ. 0.55 ಬಂತು. 0.4 ಅದರೊಳಗೇ ಉಳಿಯಿತು. ಎರಡನೇ ಬ್ಲಾಕನ್ನು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ: ಅಲ್ಲಿ ಎರಡೂ ತಾಕು 2.6, ಜೈವಿಕ ಗೊಬ್ಬರ ಏನೂ ಮಾಡಿಲ್ಲ. ಪೂರ್ತಿ ಶಿಫಾರಸು ಗೊಬ್ಬರದ ಪರಿಣಾಮವಂತೂ ಎರಡೂ ಲೆಕ್ಕದಲ್ಲಿ ಗಟ್ಟಿಯಾಗಿ ನಿಂತಿತು, ಅಲ್ಲಿ ವ್ಯತ್ಯಾಸ 1.1. ಅದನ್ನೂ ವರದಿಯಲ್ಲಿ ಬರೆದೆ. ಬಿದ್ದುಹೋದದ್ದನ್ನು ಮಾತ್ರ ಹೇಳಿ ಉಳಿದದ್ದನ್ನು ಹೇಳದಿದ್ದರೆ, ಇಡೀ ಕೋಷ್ಟಕವೇ ಸುಳ್ಳೆಂದು ಲೇಖಕರೂ ಸಂಪಾದಕರೂ ಭಾವಿಸುತ್ತಾರೆ.

ಎರಡನೆಯ ಅಂಶ ಇಳುವರಿಯದು. ಇಲ್ಲಿ ತಾಕಿಗೊಂದೇ ತೂಕ, ಆದ್ದರಿಂದ ಡಿ.ಎಫ್. 6 ಸರಿಯಾಗಿಯೇ ಇತ್ತು. ಪೂರ್ತಿ ಗೊಬ್ಬರಕ್ಕೆ ಹೆಕ್ಟೇರಿಗೆ 28.0 ಕ್ವಿಂಟಲ್, ಶೇ 75 ಸಾರಜನಕ ಮತ್ತು ಅಜೋಸ್ಪಿರಿಲಂಗೆ 26.1 ಕ್ವಿಂಟಲ್, ಸಿ.ಡಿ. 5.0. ವ್ಯತ್ಯಾಸ 1.9 ಮಾತ್ರ, ಸಿ.ಡಿ.ಗಿಂತ ಕಡಿಮೆ, ಆದ್ದರಿಂದ ಎರಡೂ 'ಆನ್ ಪಾರ್', ಕಾಲುಭಾಗ ಸಾರಜನಕ ಉಳಿತಾಯ ಎಂದು ತೀರ್ಮಾನ. ನಮ್ಮ ಕೃಷಿ ಪ್ರಬಂಧಗಳಲ್ಲಿ ಇಷ್ಟು ರೂಢಿಯಾಗಿರುವ ವಾಕ್ಯ ಇನ್ನೊಂದಿಲ್ಲ, ರೈತನಿಗೆ ಇದರಷ್ಟು ಅಪಾಯದ್ದೂ ಇಲ್ಲ ಎಂದು ನನ್ನ ಅನಿಸಿಕೆ. ಸಿ.ಡಿ. 5.0 ಎಂದರೆ ಐದು ಕ್ವಿಂಟಲ್‌ಗಿಂತ ಚಿಕ್ಕ ವ್ಯತ್ಯಾಸವನ್ನು ಈ ಪ್ರಯೋಗ ಖಚಿತವಾಗಿ ಕಾಣಲಾರದು. 1.9ರ ಎರಡೂ ಬದಿಗೆ 5.0 ಇಟ್ಟು ನೋಡಿ: ಒಂದು ತುದಿಯಲ್ಲಿ ಕಡಿಮೆ ಸಾರಜನಕದ ತಾಕು 3.1 ಕ್ವಿಂಟಲ್ ಹೆಚ್ಚು ಕೊಟ್ಟಿರಬಹುದು, ಇನ್ನೊಂದು ತುದಿಯಲ್ಲಿ 6.9 ಕ್ವಿಂಟಲ್ ಕಳೆದಿರಬಹುದು. ಹೆಕ್ಟೇರಿಗೆ ಸುಮಾರು ಏಳು ಕ್ವಿಂಟಲ್ ರಾಗಿ ಕಳೆಯುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ಅಂಕಿಗಳಿಂದ 'ಎರಡೂ ಸಮ' ಎಂದು ಹೇಳಲು ಬರುವುದಿಲ್ಲ. ವ್ಯತ್ಯಾಸ ಸಿಗಲಿಲ್ಲ ಎಂದು ಮಾತ್ರ ಹೇಳಬಹುದು.

ಸಮ ಎಂದು ತೋರಿಸಲೇಬೇಕಾದರೆ ಎಷ್ಟು ನಷ್ಟವನ್ನು ಒಪ್ಪಿಕೊಳ್ಳಬಹುದು ಎಂಬ ಮಿತಿಯನ್ನು ಪ್ರಯೋಗಕ್ಕೆ ಮೊದಲೇ ಗೊತ್ತುಮಾಡಿ, ವ್ಯತ್ಯಾಸದ ಹರವು ಪೂರ್ತಿ ಆ ಮಿತಿಯೊಳಗೆ ಬರುವಷ್ಟು ತಾಕು ಹಾಕಬೇಕು. ಸಿ.ಡಿ. ಅರ್ಧವಾಗಬೇಕೆಂದರೆ ಬ್ಲಾಕುಗಳು ಸುಮಾರು ನಾಲ್ಕು ಪಟ್ಟು ಬೇಕು. ಡಿ.ಎಫ್. ಏರುವುದರಿಂದ ಕೊಂಚ ಕಡಿಮೆಯಾದರೂ ನಡೆದೀತು. ಇದನ್ನು ಮುಗಿದ ಪ್ರಯೋಗದಿಂದ ಕೇಳಲಾಗದು. ಹಾಗಾಗಿ ವರದಿಯಲ್ಲಿ ಕೇಳಿದ್ದು ಎರಡೇ: ಕೋಷ್ಟಕದಲ್ಲಿ ಈ ಹರವನ್ನು ಅಚ್ಚುಮಾಡಿ, 'ಆನ್ ಪಾರ್' ಇರುವ ಐದೂ ಕಡೆ ವಾಕ್ಯ ತಿದ್ದಿ. ಐದು ಕಡೆಯ ಸಾಲು ಸಂಖ್ಯೆಗಳನ್ನು ಬರೆದುಕೊಟ್ಟೆ.

ಮೂರನೆಯ ಅಂಶ ಕೊನೆಗೆ ಹೊಳೆಯಿತು, ಆದರೆ ಅದೇ ಅತಿ ಭಾರದ್ದು. ಶೇ 75 ಸಾರಜನಕ ಮಾತ್ರ ಹಾಕಿದ, ಅಜೋಸ್ಪಿರಿಲಂ ಇಲ್ಲದ ತಾಕು ಈ ಪ್ರಯೋಗದಲ್ಲಿ ಇರಲೇ ಇಲ್ಲ. 26.1 ಕ್ವಿಂಟಲ್ ಬಂದದ್ದು ಬ್ಯಾಕ್ಟೀರಿಯಾದಿಂದಲೋ, ಆ ಹೊಲಕ್ಕೆ ಮುಕ್ಕಾಲು ಸಾರಜನಕವೇ ಸಾಕಾಗಿತ್ತೋ? ಎರಡನ್ನೂ ಬೇರ್ಪಡಿಸುವ ತಾಕು ಇಲ್ಲದ ಮೇಲೆ ಯಾವ ಅಂಕಿಅಂಶ ವಿಧಾನವೂ ಉತ್ತರ ಕೊಡಲಾರದು. ಹಿಂದಿನ ಬೆಳೆ ಅವರೆಯೋ ಹುರುಳಿಯೋ ಆಗಿದ್ದರೆ, ಕೊಟ್ಟಿಗೆ ಗೊಬ್ಬರ ಬಿದ್ದ ಹೊಲವಾಗಿದ್ದರೆ, ಎರಡನೆಯದೂ ಸಾಧ್ಯ. ಮಣ್ಣಿನ ಆರಂಭಿಕ ಲಭ್ಯ ಸಾರಜನಕ, ಹಿಂದಿನ ಬೆಳೆ ಎರಡನ್ನೂ ಕೇಳಿದ್ದು ಅದಕ್ಕಾಗಿ. ಜೊತೆಗೆ ಬಿತ್ತಿದ ದಿನ ಪೊಟ್ಟಣದಲ್ಲಿ ಜೀವಂತ ಬ್ಯಾಕ್ಟೀರಿಯಾ ಎಷ್ಟಿತ್ತು ಎಂದೂ ಕೇಳಿದೆ. ಪುಡಿ ರೂಪದ ಅಜೋಸ್ಪಿರಿಲಂಗೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ಗ್ರಾಂಗೆ ಕನಿಷ್ಠ 5×10⁷ ಎಂದು ಹೇಳುತ್ತದೆ. ಹಸ್ತಪ್ರತಿಯಲ್ಲಿ ಕಂಪನಿಯ ಲೇಬಲ್ಲಿನ ಸಂಖ್ಯೆ ಮಾತ್ರ ಇತ್ತು, ಬಿಸಿಲಿನಲ್ಲಿ ಇಟ್ಟ ಪೊಟ್ಟಣಕ್ಕೂ ಲೇಬಲ್ ಅದೇ ಇರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಶಿಫಾರಸಿನ ಪ್ರಶ್ನೆ ಎದುರಾಯಿತು. ಮೂರನೆಯ ಅಂಶ ಒಂದನ್ನೇ ಹಿಡಿದರೆ ತಿರಸ್ಕರಿಸಬಹುದಿತ್ತು. ಮೈನರ್ ರಿವಿಷನ್ ಎಂದರೆ ತೀರ್ಮಾನ ಹಾಗೇ ಉಳಿದು ಭಾಷೆ ಮಾತ್ರ ತಿದ್ದಿದಂತಾಗುತ್ತಿತ್ತು. ಮೇಜರ್ ರಿವಿಷನ್ ಆರಿಸಿದ್ದಕ್ಕೆ ಕಾರಣ ಇದು: ಹಂಚಿಕೆ ಯಾದೃಚ್ಛಿಕವಾಗಿದೆ, ಗಿಡವಾರು ಅಂಕಿಗಳು ಕಡತದಲ್ಲಿವೆ, ಮೊದಲೆರಡು ಅಂಶಗಳು ಮರುಲೆಕ್ಕ ಮತ್ತು ಮರುಬರವಣಿಗೆಯಿಂದ ಸರಿಹೋಗುತ್ತವೆ. ಮೂರನೆಯದಕ್ಕೆ ಎರಡು ದಾರಿ ಕೊಟ್ಟೆ. ಆ ಉಪಚಾರ ಸೇರಿಸಿ ಇನ್ನೊಂದು ಮುಂಗಾರು ಬೆಳೆದ ಅಂಕಿ ಈಗಾಗಲೇ ಇದ್ದರೆ ಸೇರಿಸಿ. ಇಲ್ಲದಿದ್ದರೆ ಸಾರಜನಕ ಉಳಿತಾಯದ ಮಾತನ್ನು ಶೀರ್ಷಿಕೆ, ಸಾರಾಂಶ, ಕೊನೆಯ ಭಾಗ ಮೂರರಿಂದಲೂ ತೆಗೆದು, ನಾಲ್ಕು ಉಪಚಾರಗಳ ಹೋಲಿಕೆ ಎಂದಷ್ಟೇ ಹೇಳಿ. ಹೊಸ ಪ್ರಯೋಗ ಮಾಡಿಯೇ ಬನ್ನಿ ಎಂದು ಒತ್ತಾಯಿಸಿದರೆ ಅದು ತಿರಸ್ಕಾರಕ್ಕೇ ಸಮ, ಒಂದು ವರ್ಷ ಕಳೆದುಹೋಗುತ್ತದೆ. ಹಾಗೆ ಅನಿಸಿದರೆ ತಿರಸ್ಕರಿಸಿ ಎಂದೇ ಸಂಪಾದಕರಿಗೆ ನೇರವಾಗಿ ಬರೆಯುವುದು ನ್ಯಾಯ.

ವರದಿಯ ಮೊದಲ ಪ್ಯಾರಾದಲ್ಲಿ ಹಸ್ತಪ್ರತಿ ಏನು ಹೇಳುತ್ತದೆ ಎಂದು ನಾಲ್ಕು ವಾಕ್ಯದಲ್ಲಿ ಬರೆದೆ. ನಾನು ತಪ್ಪಾಗಿ ಓದಿದ್ದರೆ ಲೇಖಕರು ಅಲ್ಲೇ ಹಿಡಿಯಬಹುದು. ಮೂರೂ ಅಂಶಗಳಲ್ಲಿ ಒಂದೇ ಕ್ರಮ: ಎಲ್ಲಿದೆ, ಏನು ತಪ್ಪು, ಅದರಿಂದ ಯಾವ ತೀರ್ಮಾನ ಕದಲುತ್ತದೆ, ಏನು ಮಾಡಿದರೆ ಸಾಕು. ನಾಲ್ಕನೆಯದು ಇಲ್ಲದ ಟಿಪ್ಪಣಿಗೆ ಲೇಖಕರು ಎರಡು ಪುಟ ವಾದ ಬರೆಯುತ್ತಾರೆ, ಹಸ್ತಪ್ರತಿ ಮಾತ್ರ ಬದಲಾಗುವುದಿಲ್ಲ. ಎಲ್ಲೂ 'ಲೇಖಕರಿಗೆ ಗೊತ್ತಿಲ್ಲ' ಎಂದಿಲ್ಲ, 'ಕೋಷ್ಟಕ 3ರಲ್ಲಿ ಡಿ.ಎಫ್. 116 ಇದೆ' ಎಂದಿದೆ. ಮೇಜರ್ ರಿವಿಷನ್ ಎಂಬ ಪದವನ್ನು ಲೇಖಕರ ಭಾಗದಲ್ಲಿ ಬರೆಯಲಿಲ್ಲ. ತೀರ್ಪು ಸಂಪಾದಕರದು, ಇನ್ನೊಬ್ಬ ರಿವ್ಯೂವರ್ ಬೇರೆಯೇ ಹೇಳಿರಬಹುದು. ಸಂಪಾದಕರಿಗಷ್ಟೇ ಕಾಣುವ ಪೆಟ್ಟಿಗೆಯಲ್ಲಿ ಎರಡು ಸಾಲು: ಮೂರನೆಯ ಅಂಶಕ್ಕೆ ಉತ್ತರ ಸಿಗದಿದ್ದರೆ ಪ್ರಕಟಿಸಬೇಡಿ, ಬ್ಯಾಕ್ಟೀರಿಯಾ ತಳಿಯ ಗುರುತಿಸುವಿಕೆ ನನ್ನ ಕ್ಷೇತ್ರವಲ್ಲ, ಅದನ್ನು ಬೇರೆಯವರಿಂದ ನೋಡಿಸಿ. ಅಕ್ಷರ ದೋಷ, ಚಿತ್ರದ ಅಕ್ಷಗಳ ಹೆಸರು ಇತ್ಯಾದಿ ಸಣ್ಣ ಟಿಪ್ಪಣಿಗಳನ್ನು ಆರಕ್ಕೆ ನಿಲ್ಲಿಸಿದೆ. ಮೂವತ್ತು ಬರೆದರೆ ಲೇಖಕರು ಸುಲಭದ ಇಪ್ಪತ್ತೇಳನ್ನು ತಿದ್ದಿ, ದೊಡ್ಡ ಮೂರನ್ನು ಅವುಗಳ ನಡುವೆ ಕಳೆದುಬಿಡುತ್ತಾರೆ.

ಎರಡು ತಿಂಗಳ ಮೇಲೆ ತಿದ್ದಿದ ಪ್ರತಿ ಬಂತು. ಮೊದಲು ನೋಡಿದ್ದು ತೆಂಡೆಯ ಕೋಷ್ಟಕದ ಅಡಿ: ಡಿ.ಎಫ್. 6, ಸಿ.ಡಿ. 0.55. ಇಳುವರಿಯ ಹರವು ಅಚ್ಚಾಗಿತ್ತು. ಹಿಂದಿನ ಬೆಳೆ ಹುರುಳಿ ಎಂದು ಬರೆದಿದ್ದರು. ಬಿತ್ತಿದ ದಿನದ ಎಣಿಕೆ ಮಾಡಿಲ್ಲವೆಂದು ಒಪ್ಪಿಕೊಂಡು ಅದನ್ನು ಮಿತಿಗಳ ಪ್ಯಾರಾಕ್ಕೆ ಸೇರಿಸಿದ್ದರು. ಸಾರಾಂಶದಿಂದಲೂ ಕೊನೆಯ ಭಾಗದಿಂದಲೂ ಉಳಿತಾಯದ ಮಾತು ಹೋಗಿತ್ತು, ಶೀರ್ಷಿಕೆಯಲ್ಲಿ ಮಾತ್ರ ಹಾಗೇ ಉಳಿದಿತ್ತು. ಎರಡನೆಯ ಸುತ್ತಿನ ವರದಿ ಒಂದೇ ವಾಕ್ಯ: ಶೀರ್ಷಿಕೆಯಿಂದ 'ಸಾರಜನಕ ಉಳಿತಾಯ' ತೆಗೆಯಿರಿ, ಶೇ 75 ಮಾತ್ರ ಹಾಕಿದ ತಾಕು ಇಲ್ಲದಿರುವುದರಿಂದ.